ಬಾಡಿಗೆ ಸ್ಕೂಟರ್: ಕೈಗೆ ಬಂದ ದುಡ್ಡೆಲ್ಲ ಲಾಭವಲ್ಲ

ಗಲ್ಫ್‌ನಿಂದ ವಾಪಸ್ ಬಂದ ನಮ್ಮ ಹುಡುಗರ ಕೈಯಲ್ಲಿ ಮೂರೋ ನಾಲ್ಕೋ ಲಕ್ಷ ಇರುತ್ತದೆ. ಇನ್ನು ಅಲ್ಲಿಗೆ ಹೋಗೋದು ಬೇಡ, ಊರಲ್ಲೇ ಏನಾದರೂ ಮಾಡೋಣ ಅನ್ನೋ ಆಸೆಯೂ ಇರುತ್ತದೆ. ಹಿಂದೆ ಇಂಥವರು ದಿನಸಿ ಅಂಗಡಿ, ಚಪ್ಪಲಿ ಅಂಗಡಿ, ಮೊಬೈಲ್ ಅಂಗಡಿ ಎನ್ನುತ್ತಿದ್ದರು. ಈಗೀಗ ಹೊಸ ಮಾತೊಂದು ಕೇಳಿಬರುತ್ತಿದೆ. "ಉಸ್ತಾದ್, ಶ್ರವಣಬೆಳಗೊಳದಲ್ಲಿ ಒಂದು ಆರು ಎಲೆಕ್ಟ್ರಿಕ್ ಸ್ಕೂಟರ್ ಇಟ್ಟು ಬಾಡಿಗೆಗೆ ಬಿಟ್ರೆ ಹೇಗೆ? ಪೆಟ್ರೋಲ್ ಇಲ್ಲ, ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಬೇಡ. ರಾತ್ರಿ ಚಾರ್ಜಿಗೆ ಹಾಕಿದ್ರೆ ಆಯ್ತು. ಒಂದು ಲೆಕ್ಕ ನೋಡಿ ಹೇಳಿ."

ನಮ್ಮ ದಂಡಿಗನಹಳ್ಳಿ ಹೋಬಳಿಯಲ್ಲಿ ಕೂತು ಈ ಲೆಕ್ಕ ಹಾಕೋದು ಕಷ್ಟವೇನಲ್ಲ. ಚನ್ನರಾಯಪಟ್ಟಣ ತಾಲೂಕು ಕೇಂದ್ರದಲ್ಲಿ ಕಾಲೇಜುಗಳಿವೆ. ಅಲ್ಲಿಂದ ಸುಮಾರು 12 ಕಿ.ಮೀ. ದೂರದ ಶ್ರವಣಬೆಳಗೊಳಕ್ಕೆ ವರ್ಷವಿಡೀ ಯಾತ್ರಿಕರು, ಪ್ರವಾಸಿಗರು ಬರುತ್ತಾರೆ. ಬೆಂಗಳೂರು–ಹಾಸನ ರೈಲು 2017ರಿಂದ ಇದೇ ದಾರಿಯಲ್ಲಿ ಓಡುತ್ತಿದೆ. ಮೇಲುನೋಟಕ್ಕೆ ಎಲ್ಲವೂ ಸರಿಯಾಗಿದೆ. ಆದರೆ ಕಾಗದದ ಮೇಲೆ ಒಂದೊಂದೇ ಸಾಲು ಬರೆಯುತ್ತಾ ಹೋದರೆ ಬೇರೆಯೇ ಚಿತ್ರ ಬರುತ್ತದೆ. ಅದನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಹಳೆಯ ಸೈಕಲ್ ಅಂಗಡಿ

ಬಾಡಿಗೆ ಗಾಡಿ ನಮ್ಮವರಿಗೆ ಹೊಸದಲ್ಲ. ಒಂದು ಕಾಲದಲ್ಲಿ ಪ್ರತಿ ಸಣ್ಣ ಪೇಟೆಯಲ್ಲೂ ಒಂದು ಬಾಡಿಗೆ ಸೈಕಲ್ ಅಂಗಡಿ ಇತ್ತು. ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಗಲ್ಲಾ ಪಕ್ಕ ಒಂದು ಉದ್ದ ನೋಟ್‌ಬುಕ್ಕು, ಗೋಡೆ ಮೇಲೆ ಗಡಿಯಾರ. ಹೆಸರು, ನಂಬರು, ಹೊರಟ ಹೊತ್ತು ಬರೆದುಕೊಂಡು ಸೈಕಲ್ ಕೊಡುತ್ತಿದ್ದರು. ಅಂಗಡಿಯವರು ಬಾಡಿಗೆಯೊಂದನ್ನೇ ನಂಬಿ ಕೂತವರಲ್ಲ. ಪಂಕ್ಚರ್ ಹಾಕುತ್ತಿದ್ದರು, ಚೈನು ಬ್ರೇಕು ರಿಪೇರಿ ಮಾಡುತ್ತಿದ್ದರು, ಟ್ಯೂಬು ಮಾರುತ್ತಿದ್ದರು. ಬಾಡಿಗೆ ಎನ್ನುವುದು ಆ ಅಂಗಡಿಯ ಒಂದು ಭಾಗ ಮಾತ್ರ. ಈ ಮಾತು ಮುಂದೆ ಲೆಕ್ಕದಲ್ಲಿ ಬರಲಿದೆ, ನೆನಪಿಟ್ಟುಕೊಳ್ಳಿ.

ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಸೈಕಲ್ ಯೋಜನೆ ಶುರುವಾಯಿತು. 450 ಸೈಕಲ್, 48 ನಿಲ್ದಾಣ. ಕಾರ್ಡು ತೋರಿಸಿ ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡಬಹುದಿತ್ತು. ಅದನ್ನು ನೋಡಿ ನಾವೂ ಮಾಡಬಹುದು ಎನ್ನುವವರಿದ್ದಾರೆ. ಆದರೆ ಅದು ಮಹಾನಗರ ಪಾಲಿಕೆಯ ಯೋಜನೆ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವೂ ಇತ್ತು. ಬಾಡಿಗೆಯ ದುಡ್ಡಿನಲ್ಲೇ ಬಂಡವಾಳ ವಾಪಸ್ ಬರಬೇಕೆಂಬ ಒತ್ತಡ ಅದಕ್ಕೆ ನಮ್ಮ ಹುಡುಗನ ಹಾಗೆ ಇರಲಿಲ್ಲ.

ಮೊದಲು ಬೋರ್ಡಿನ ಬಣ್ಣ ನೋಡಿ

ದುಡ್ಡಿನ ಲೆಕ್ಕಕ್ಕಿಂತ ಮೊದಲು ಕಾನೂನಿನ ಲೆಕ್ಕ. ಬಾಡಿಗೆಗೆ ಬಿಡುವ ಎರಡು ಚಕ್ರದ ಗಾಡಿಗಳನ್ನು ಮೂರು ಗುಂಪು ಮಾಡಬಹುದು.

ಒಂದನೆಯದು ಸೈಕಲ್. ಇದಕ್ಕೆ ಆರ್‌ಟಿಓ ಸಂಬಂಧವೇ ಇಲ್ಲ. ಅಂಗಡಿಗೆ ಸ್ಥಳೀಯ ಪಂಚಾಯ್ತಿಯ ಪರವಾನಗಿ ಇದ್ದರೆ ಸಾಕು.

ಎರಡನೆಯದು ನಿಧಾನ ಓಡುವ ಎಲೆಕ್ಟ್ರಿಕ್ ಸ್ಕೂಟರ್. ಮೋಟರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದು, ಅದನ್ನು ಸರ್ಕಾರ ಒಪ್ಪಿದ ಪರೀಕ್ಷಾ ಸಂಸ್ಥೆ ಪ್ರಮಾಣೀಕರಿಸಿದ್ದರೆ, ಕಾನೂನಿನ ಪ್ರಕಾರ ಅದು 'ಮೋಟಾರು ವಾಹನ'ವೇ ಅಲ್ಲ. ಅದಕ್ಕೇ ರಿಜಿಸ್ಟ್ರೇಷನ್ ಬೇಡ, ಓಡಿಸುವವರಿಗೆ ಲೈಸೆನ್ಸ್ ಬೇಡ. ಬೆಂಗಳೂರಿನಲ್ಲಿ 'ಯುಲು' ಕಂಪನಿಯವರ ಸಣ್ಣ ಗಾಡಿಗಳು ರಸ್ತೆ ಬದಿಯಲ್ಲಿ ನಿಂತಿರೋದನ್ನು ನೋಡಿರಬಹುದು, ಅವು ಈ ಗುಂಪಿನವು.

ಮೂರನೆಯದು ನಂಬರ್ ಪ್ಲೇಟ್ ಇರುವ ಸ್ಕೂಟರ್, ಪೆಟ್ರೋಲ್ ಆಗಲಿ ಕರೆಂಟ್ ಆಗಲಿ. ಇದನ್ನು ಬಾಡಿಗೆಗೆ ಬಿಡಲು ಕೇಂದ್ರ ಸರ್ಕಾರದ 1997ರ ಮೋಟಾರ್ ಸೈಕಲ್ ಬಾಡಿಗೆ ಯೋಜನೆ ಇದೆ. ಕನಿಷ್ಠ ಐದು ಗಾಡಿ ಇರಬೇಕು, ನಿಲ್ಲಿಸಲು ಜಾಗ ಇರಬೇಕು, ವಿಮೆ ಮತ್ತು ದಾಖಲೆಗಳೆಲ್ಲ ಬಾಡಿಗೆ ಉದ್ದೇಶಕ್ಕೇ ಇರಬೇಕು, ಸಾರಿಗೆ ಇಲಾಖೆಯಿಂದ ಪರವಾನಗಿ ಪಡೆಯಬೇಕು. ಗುರುತು ಬೋರ್ಡಿನಲ್ಲೇ ಇದೆ. ಬಾಡಿಗೆಯ ಪೆಟ್ರೋಲ್ ಗಾಡಿಗೆ ಕಪ್ಪು ಬೋರ್ಡಿನಲ್ಲಿ ಹಳದಿ ಅಕ್ಷರ. ಎಲೆಕ್ಟ್ರಿಕ್ ಆದರೆ ಹಸಿರು ಬೋರ್ಡಿನಲ್ಲಿ ಹಳದಿ ಅಕ್ಷರ. ಹಸಿರು ಬೋರ್ಡಿನಲ್ಲಿ ಬಿಳಿ ಅಕ್ಷರ ಇದ್ದರೆ ಅದು ಸ್ವಂತ ಬಳಕೆಯ ಗಾಡಿ.

ತುಂಬ ಜನ ಮಾಡುವ ಕೆಲಸ ಏನೆಂದರೆ, ಮನೆಯವರ ಹೆಸರಲ್ಲಿ ಒಂದೊಂದು ಬಿಳಿ ಬೋರ್ಡಿನ ಸೆಕೆಂಡ್ ಹ್ಯಾಂಡ್ ಸ್ಕೂಟರ್ ತೆಗೆದು ಸುಮ್ಮನೆ ಬಾಡಿಗೆಗೆ ಬಿಡೋದು. ದಂಡ ಬಿದ್ದರೆ ಕಟ್ಟಿದರಾಯಿತು ಎನ್ನುತ್ತಾರೆ. ದಂಡ ದೊಡ್ಡ ವಿಷಯವಲ್ಲ. ಸ್ವಂತ ಗಾಡಿಯ ವಿಮಾ ಪಾಲಿಸಿ ತೆಗೆದು ಓದಿ ನೋಡಿ. ಬಾಡಿಗೆಗೆ ಕೊಟ್ಟಾಗ ಈ ವಿಮೆ ಅನ್ವಯಿಸದು ಎಂದು ಅದರಲ್ಲೇ ಬರೆದಿರುತ್ತದೆ. ಬಾಡಿಗೆಗೆ ತೆಗೆದುಕೊಂಡವನು ರಸ್ತೆಯಲ್ಲಿ ಯಾರಿಗಾದರೂ ಗುದ್ದಿ ಆ ಮನುಷ್ಯ ಕೈಕಾಲು ಕಳೆದುಕೊಂಡರೆ, ನ್ಯಾಯಾಲಯ ಹೇಳಿದ ಪರಿಹಾರವನ್ನು ಕಂಪನಿ ಮೊದಲು ಕೊಟ್ಟರೂ ಅದನ್ನು ಗಾಡಿ ಮಾಲೀಕನಿಂದ ವಸೂಲು ಮಾಡಬಹುದು. ಗಂಟೆಗೆ ಐವತ್ತು ರೂಪಾಯಿ ಬಾಡಿಗೆಗೆ ಅಡಿಕೆ ತೋಟ, ಮನೆ ಜಾಗ ಎರಡನ್ನೂ ಪಣಕ್ಕಿಟ್ಟ ಹಾಗೆ.

"ಲೈಸೆನ್ಸ್ ಬೇಡ" ಎನ್ನುವ ಮಾತಿನ ಒಳಗುಟ್ಟು

ಹಾಗಾದರೆ ಎರಡನೇ ಗುಂಪಿನ ಸ್ಕೂಟರ್ ಒಳ್ಳೆಯದಲ್ಲವೇ ಎಂದು ಕೇಳಬಹುದು. ಒಳ್ಳೆಯದೇ, ಆದರೆ ಅದು ನಿಜವಾಗಿಯೂ ಆ ಗುಂಪಿನದ್ದಾಗಿರಬೇಕು. ಕಾಗದದಲ್ಲಿ 25 ಎಂದಿದ್ದು ರಸ್ತೆಯಲ್ಲಿ 40ರ ವೇಗದಲ್ಲಿ ಓಡುವ ಗಾಡಿಗಳೂ ಮಾರುಕಟ್ಟೆಯಲ್ಲಿವೆ. ಕಂಟ್ರೋಲರ್‌ನ ಒಂದು ವೈರು ಬಿಚ್ಚಿದರೆ ವೇಗದ ಮಿತಿ ಹೋಗುವಂಥವೂ ಇವೆ. ಮಾರುವವನು ಇದನ್ನೇ ದೊಡ್ಡ ಗುಣ ಎಂಬಂತೆ ಕಿವಿಯಲ್ಲಿ ಹೇಳುತ್ತಾನೆ. ಹಾಗೆ ಮಾಡಿದ ಕ್ಷಣದಿಂದ ಅದು ರಿಜಿಸ್ಟ್ರೇಷನ್ ಇಲ್ಲದ, ವಿಮೆ ಇಲ್ಲದ ಮೋಟಾರು ವಾಹನ. ಅದನ್ನು ಹೈಸ್ಕೂಲು ಹುಡುಗನ ಕೈಗೆ ಕೊಟ್ಟು ಅಪಘಾತವಾದರೆ ಗಾಡಿ ಮಾಲೀಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎಂದು 2019ರ ತಿದ್ದುಪಡಿ ಹೇಳುತ್ತದೆ.

ಇದನ್ನು ಪತ್ತೆ ಮಾಡೋದು ಸುಲಭ. ಕೊಳ್ಳುವ ಮೊದಲು ಆ ಮಾಡೆಲ್‌ಗೆ ಪರೀಕ್ಷಾ ಸಂಸ್ಥೆ ಕೊಟ್ಟ ಪ್ರಮಾಣಪತ್ರದ ಪ್ರತಿ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ. ಆಮೇಲೆ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಸಮತಟ್ಟಾದ ರಸ್ತೆಯಲ್ಲಿ ಒಬ್ಬರೇ ಕೂತು, ಮೊಬೈಲಿನ ಜಿಪಿಎಸ್‌ನಲ್ಲಿ ವೇಗ ನೋಡಿ. ಗಾಡಿಯ ಮೀಟರನ್ನು ನಂಬಬೇಡಿ.

ನಿಯಮದಂತೆ ಇರುವ ಗಾಡಿಯಲ್ಲೂ ಒಂದು ಮಿತಿ ಇದೆ. 250 ವ್ಯಾಟಿನ ಮೋಟರ್ ಒಬ್ಬರಿಗೆ ಸರಿ. ಇಬ್ಬರು ದಪ್ಪ ಜನ ಕೂತು ಏರು ಹತ್ತಿಸಿದರೆ ಮೋಟರ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. 45 ಕಿ.ಮೀ. ಹೋಗಬೇಕಾದ ಗಾಡಿ 25ಕ್ಕೇ ನಿಲ್ಲಬಹುದು. ಚನ್ನರಾಯಪಟ್ಟಣದಿಂದ ಬೆಳಗೊಳಕ್ಕೆ ಹೋಗಿ ಬರಲು ಬೇಕಾಗೋದೇ 24 ಕಿ.ಮೀ. ಅರ್ಧ ದಾರಿಯಲ್ಲಿ ನಿಂತ ಗಾಡಿಯನ್ನು ತರಲು ಗೂಡ್ಸ್ ಆಟೋ ಕಳಿಸಿದರೆ ಆ ದಿನದ ಬಾಡಿಗೆ ಅಲ್ಲಿಗೇ ಮುಗಿಯಿತು.

ಆರು ಸ್ಕೂಟರಿನ ಲೆಕ್ಕ

ಈಗ ದುಡ್ಡಿಗೆ ಬರೋಣ. ಊರಿಂದ ಊರಿಗೆ ರೇಟು ಬೇರೆ ಇರುತ್ತದೆ. ಇಲ್ಲಿ ಹಾಕಿದ ಅಂಕಿಗಳನ್ನು ಲೆಕ್ಕದ ದಾರಿ ತೋರಿಸಲು ಹಿಡಿದುಕೊಂಡಿದ್ದೇವೆ. ನಿಮ್ಮ ಅಂಕಿ ಹಾಕಿ ಇದೇ ದಾರಿಯಲ್ಲಿ ಹೋಗಬಹುದು.

ನಿಧಾನದ ಸ್ಕೂಟರ್ ಒಂದಕ್ಕೆ 55,000 ರೂಪಾಯಿ ಎಂದುಕೊಳ್ಳೋಣ. ಆರಕ್ಕೆ 3,30,000. ಇದರಲ್ಲಿ ಒಂದು ಗಾಡಿಯ ಲೆಡ್ ಆಸಿಡ್ ಬ್ಯಾಟರಿ ಸೆಟ್ಟಿನ ಬೆಲೆ 12,000. ಬಾಡಿಗೆ ಗಂಟೆಗೆ 50. ಶನಿವಾರ ಭಾನುವಾರ ಸೇರಿ ತಿಂಗಳಿಗೆ ಎಂಟು ದಿನ, ದಿನಕ್ಕೆ ಐದು ಗಂಟೆ ಓಡುತ್ತದೆ. ಉಳಿದ 22 ದಿನ, ದಿನಕ್ಕೆ ಒಂದೇ ಗಂಟೆ. ಒಟ್ಟು 62 ಗಂಟೆ, 3,100 ರೂಪಾಯಿ. ಆರು ಗಾಡಿಗೆ 18,600.

ಖರ್ಚು ನೋಡಿ. ಅಂಗಡಿ ಬಾಡಿಗೆ 4,000. ವಾರದ ಕೊನೆಯಲ್ಲಿ ಜೊತೆಗೊಬ್ಬ ಹುಡುಗ, ಎಂಟು ದಿನಕ್ಕೆ 4,000. ಟ್ಯೂಬು, ಬ್ರೇಕು, ಕನ್ನಡಿ ಎಂದು ಗಾಡಿಗೆ 300ರಂತೆ 1,800. ಕರೆಂಟು ಎಲ್ಲಕ್ಕಿಂತ ಕಡಿಮೆ. ತಿಂಗಳಿಗೆ ಒಂದು ಗಾಡಿ 500 ಕಿ.ಮೀ. ಓಡಿದರೂ 16 ಯೂನಿಟ್ ಸಾಕು, ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ 130 ರೂಪಾಯಿ, ಆರಕ್ಕೆ 780. ಇವೆಲ್ಲ ಕಳೆದರೆ ಕೈಯಲ್ಲಿ ತಿಂಗಳಿಗೆ 8,020 ಉಳಿಯುತ್ತದೆ. ಹುಡುಗ ಇಲ್ಲಿಗೇ ಲೆಕ್ಕ ನಿಲ್ಲಿಸಿ ಮನೆಗೆ ಅಕ್ಕಿ ತರುತ್ತಾನೆ, ತಂಗಿಯ ಫೀಸು ಕಟ್ಟುತ್ತಾನೆ.

ಆದರೆ ಬ್ಯಾಟರಿ? ಬಾಡಿಗೆ ಗಾಡಿಯ ಲೆಡ್ ಆಸಿಡ್ ಬ್ಯಾಟರಿ 15 ತಿಂಗಳು ಬಾಳಿತು ಎಂದಿಟ್ಟುಕೊಳ್ಳಿ. ಹದಿನೈದನೇ ತಿಂಗಳು ಆರು ಸೆಟ್ಟಿಗೆ 72,000 ರೂಪಾಯಿ ಒಟ್ಟಿಗೆ ಬೇಕು. ಅಂದರೆ ತಿಂಗಳಿಗೆ 4,800 ಎತ್ತಿಡಬೇಕಿತ್ತು. ಬ್ಯಾಟರಿ ಬಿಟ್ಟು ಉಳಿದ ಗಾಡಿಯೂ ನಾಲ್ಕು ವರ್ಷದಲ್ಲಿ ಗುಜರಿಗೆ ಹೋಗುತ್ತದೆ. ಅದಕ್ಕೆ ಗಾಡಿಯೊಂದಕ್ಕೆ ತಿಂಗಳಿಗೆ 900ರಂತೆ 5,400. ಇವೆರಡನ್ನೂ ಸೇರಿಸಿದರೆ ಖರ್ಚು 20,780. ಬಂದದ್ದು 18,600. ತಿಂಗಳಿಗೆ 2,180 ನಷ್ಟ!

ಲಾಭ ಎಂದು ಮನೆಗೆ ತಂದ ಎಂಟು ಸಾವಿರ ನಿಜವಾಗಿ ಬ್ಯಾಟರಿಯನ್ನೂ ಗಾಡಿಯನ್ನೂ ಚೂರುಚೂರಾಗಿ ಮಾರಿ ತಿಂದ ದುಡ್ಡು. ಇಂಥ ವ್ಯಾಪಾರ ಮೊದಲ ವರ್ಷ ಚೆನ್ನಾಗಿ ನಡೆದು ಎರಡನೇ ವರ್ಷ ಏಕಾಏಕಿ ಮುಚ್ಚಿಹೋಗುವುದು ಇದಕ್ಕೇ.

ಅದೇ ದುಡ್ಡಿಗೆ ಸೈಕಲ್

ಸ್ಕೂಟರಿನ ಪಕ್ಕದಲ್ಲಿ ಸೈಕಲ್ ಇಟ್ಟು ನೋಡೋಣ. ಸೈಕಲಿಗೆ 6,500 ರೂಪಾಯಿ, ಬಾಡಿಗೆ ಗಂಟೆಗೆ 20. ಬಿಸಿಲಲ್ಲಿ ಸೈಕಲ್ ತುಳಿಯುವವರು ಕಡಿಮೆ, ಹಾಗಾಗಿ ಸ್ಕೂಟರಿನ ಅರ್ಧ, 31 ಗಂಟೆ ಮಾತ್ರ ಓಡಿತು ಎನ್ನೋಣ. ಬಂದದ್ದು 620. ರಿಪೇರಿಗೆ 150, ನಾಲ್ಕು ವರ್ಷದ ಸವೆತಕ್ಕೆ 135 ಕಳೆದರೆ 335 ಉಳಿಯಿತು. ಸ್ಕೂಟರಿನಲ್ಲಿ ಇದೇ ರೀತಿ ಎಲ್ಲ ಕಳೆದರೆ, ಅಂಗಡಿ ಬಾಡಿಗೆಗೆ ಮೊದಲು, 970 ಉಳಿಯುತ್ತದೆ. ನೋಡಲು ಸ್ಕೂಟರೇ ಮೇಲು. ಆದರೆ ಒಂದು ಸ್ಕೂಟರಿನ ದುಡ್ಡಿಗೆ ಎಂಟು ಸೈಕಲ್ ಬರುತ್ತದೆ. ಎಂಟು ಸೈಕಲಿನಿಂದ 2,680.

ಹಾಗೆಂದು ಬರೀ ಸೈಕಲ್ ಇಟ್ಟರೆ ವಯಸ್ಸಾದವರು, ದೂರ ಹೋಗುವವರು ಬರುವುದಿಲ್ಲ. ನಮ್ಮ ಲೆಕ್ಕಕ್ಕೆ ಸರಿ ಕಾಣೋದು ಎರಡು ಸ್ಕೂಟರ್, ಎಂಟು ಸೈಕಲ್. ಬಂಡವಾಳ 1,62,000, ಅಂದರೆ ಮೊದಲಿನ ಅರ್ಧಕ್ಕಿಂತ ಕಡಿಮೆ. ಎಲ್ಲ ಸವೆತ ಕಳೆದು ಉಳಿಯೋದು ತಿಂಗಳಿಗೆ 4,620. ಇದಕ್ಕೆಂದೇ ಬೇರೆ ಅಂಗಡಿ ಹಿಡಿದರೆ 4,000 ಅಲ್ಲಿಗೇ ಹೋಗುತ್ತದೆ. ಅದೇ ಈಗಾಗಲೇ ಇರುವ ಪಂಕ್ಚರ್ ಅಂಗಡಿ, ಹೋಟೆಲು ಅಥವಾ ಜೆರಾಕ್ಸ್ ಅಂಗಡಿಯ ಮುಂದೆ ನಿಲ್ಲಿಸಿದರೆ ಪೂರ್ತಿ ದುಡ್ಡು ಮನೆಗೆ. ಹಳೆಯ ಸೈಕಲ್ ಅಂಗಡಿಯವರು ಬಾಡಿಗೆಯೊಂದನ್ನೇ ನಂಬದೆ ಇದ್ದುದು ಸುಮ್ಮನೆ ಅಲ್ಲ.

ಸೋಮವಾರ ಯಾರು ಬರುತ್ತಾರೆ?

ಲೆಕ್ಕದಲ್ಲಿ ಎಲ್ಲಕ್ಕಿಂತ ದುರ್ಬಲ ಜಾಗ ಆ 22 ದಿನದ ಒಂದೊಂದು ಗಂಟೆ. ಅದು ಎರಡು ಗಂಟೆಯಾದರೆ ಆರು ಸ್ಕೂಟರಿನ ನಷ್ಟ ಹೋಗಿ ಮೂರು–ನಾಲ್ಕು ಸಾವಿರ ಉಳಿಯುತ್ತದೆ. ಆದ್ದರಿಂದ ಜಾಗ ಹುಡುಕುವಾಗ ಭಾನುವಾರದ ಜನರನ್ನು ಎಣಿಸಬೇಡಿ, ಸೋಮವಾರ ಮತ್ತು ಮಂಗಳವಾರ ಹೋಗಿ ಕೂತು ಎಣಿಸಿ.

ಪ್ರವಾಸಿಗರು ಬರುತ್ತಾರೆ ಎಂದ ಮಾತ್ರಕ್ಕೆ ಅವರಿಗೆ ಗಾಡಿ ಬೇಕು ಎಂದೂ ಅಲ್ಲ. ಹಂಪಿಯಲ್ಲಿ ಸೈಕಲ್, ಮೊಪೆಡ್ ಬಾಡಿಗೆ ನಡೆಯುತ್ತದೆ, ಏಕೆಂದರೆ ಅಲ್ಲಿ ನೋಡುವ ಜಾಗಗಳು ಮೈಲುಗಟ್ಟಲೆ ಹರಡಿವೆ. ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿ, ಚಂದ್ರಗಿರಿ ಎರಡೂ ಊರಿನ ಎರಡು ಪಕ್ಕದಲ್ಲೇ ಇವೆ. ದೊಡ್ಡ ಬೆಟ್ಟಕ್ಕೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಅದನ್ನು ಯಾವ ಸ್ಕೂಟರೂ ಹತ್ತದು. ಬಸ್ಸಿನಲ್ಲಿ ಗುಂಪಾಗಿ ಬಂದವರು ಬೆಟ್ಟ ಹತ್ತಿ ಇಳಿದು ಊಟ ಮಾಡಿ ಹೊರಟುಬಿಡುತ್ತಾರೆ. ಇಲ್ಲಿ ಗಾಡಿ ಬೇಕಾಗೋದು ಒಬ್ಬಿಬ್ಬರಾಗಿ ರೈಲಿನಲ್ಲಿ ಬಂದವರಿಗೆ, ರಾತ್ರಿ ಉಳಿದು ಪಕ್ಕದ ಜಿನನಾಥಪುರದ ಬಸದಿ ನೋಡಲು ಹೋಗುವವರಿಗೆ. ಮಹಾಮಸ್ತಕಾಭಿಷೇಕದ ಜನಸಾಗರವನ್ನು ಲೆಕ್ಕಕ್ಕೆ ಹಿಡಿಯಲೇಬಾರದು. ಅದು ಹನ್ನೆರಡು ವರ್ಷಕ್ಕೊಮ್ಮೆ. ಹಿಂದಿನದು 2018ರಲ್ಲಿ ಆಯಿತು.

ಕಾಲೇಜಿನ ಊರಲ್ಲಿ ಇದು ತಿರುವುಮುರುವು. ಸೋಮವಾರದಿಂದ ಶುಕ್ರವಾರ ಗಿರಾಕಿ ಇದ್ದಾರೆ, ರಜೆಯಲ್ಲಿ ಊರೇ ಖಾಲಿ. ಹಾಗಾಗಿ ಗಾಡಿಗಳನ್ನು ಚನ್ನರಾಯಪಟ್ಟಣದಲ್ಲಿ ಇಟ್ಟು, ವಾರದ ದಿನ ಹಾಸ್ಟೆಲ್ ಹುಡುಗರಿಗೆ, ಬೇರೆ ಊರಿಂದ ಬಂದ ಮೇಷ್ಟ್ರುಗಳಿಗೆ ತಿಂಗಳ ಬಾಡಿಗೆಗೆ ಕೊಟ್ಟು, ಶನಿವಾರ ಭಾನುವಾರಕ್ಕೆ ಮಾತ್ರ ಕೆಲವನ್ನು ಬೆಳಗೊಳಕ್ಕೆ ಒಯ್ಯುವುದು ಒಂದು ದಾರಿ. ಬೆಂಗಳೂರಿನ ಯುಲು ಕೂಡ ಬರೀ ಆಫೀಸಿಗೆ ಹೋಗುವವರನ್ನು ನಂಬಿ ಕೂರದೆ, ಮನೆಮನೆಗೆ ಸಾಮಾನು ತಲುಪಿಸುವ ಹುಡುಗರಿಗೆ ಗಾಡಿ ಕೊಡತೊಡಗಿತು. ದಿನವೂ ಓಡಿಸುವ ಗಿರಾಕಿ ಇಲ್ಲದೆ ಬ್ಯಾಟರಿಯ ದುಡ್ಡು ಹುಟ್ಟುವುದಿಲ್ಲ.

ಬ್ಯಾಟರಿಯ ಆಯುಷ್ಯ ನಿಮ್ಮ ಕೈಲಿದೆ

ಲೆಡ್ ಆಸಿಡ್ ಬ್ಯಾಟರಿಗೆ ಅತಿ ದೊಡ್ಡ ಶತ್ರು ಖಾಲಿಯಾಗಿ ಬಿದ್ದಿರೋದು. ಸಂಜೆ ಪೂರ್ತಿ ಇಳಿದು ಬಂದ ಗಾಡಿಯನ್ನು 'ನಾಳೆ ನೋಡೋಣ' ಎಂದು ಬಿಟ್ಟರೆ ಒಳಗಿನ ತಗಡುಗಳ ಮೇಲೆ ಉಪ್ಪಿನಂಥ ಪದರ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನಷ್ಟು ಹಿಡಿಯುವುದಿಲ್ಲ. ಬಂದ ದಿನವೇ ಚಾರ್ಜಿಗೆ ಹಾಕಿ. ಮಳೆಗಾಲದಲ್ಲಿ ಗಿರಾಕಿ ಇಲ್ಲದೆ ನಿಂತ ಗಾಡಿಯನ್ನೂ ವಾರಕ್ಕೊಮ್ಮೆಯಾದರೂ ಚಾರ್ಜ್ ಮಾಡಿ.

ಒಂದು ಸೆಟ್ಟಿನಲ್ಲಿ 12 ವೋಲ್ಟಿನ ನಾಲ್ಕೋ ಐದೋ ಬ್ಯಾಟರಿ ಸಾಲಾಗಿ ಇರುತ್ತವೆ. ಒಂದು ಕೆಟ್ಟರೆ ಇಡೀ ಸೆಟ್ಟು ಕುಂಟುತ್ತದೆ. ಎಕ್ಸಿಲೇಟರ್ ತಿರುಗಿಸಿದ ಕೂಡಲೇ ಚಾರ್ಜ್ ಮುಳ್ಳು ತಟ್ಟನೆ ಬಿದ್ದು, ಬಿಟ್ಟ ಕೂಡಲೇ ಮೇಲೆ ಬಂದರೆ ಅದೇ ಲಕ್ಷಣ. ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು, ಮಲ್ಟಿಮೀಟರಿನಲ್ಲಿ ಒಂದೊಂದನ್ನೇ ನೋಡಿ. ಉಳಿದವು 12.7ರ ಆಸುಪಾಸು ತೋರಿಸುವಾಗ ಒಂದು ಮಾತ್ರ 12.2 ತೋರಿಸಿದರೆ ಕಳ್ಳ ಸಿಕ್ಕಿದ. ಆರಂಭದಲ್ಲೇ ಸಿಕ್ಕರೆ ಒಂದನ್ನು ಬದಲಿಸಿದರೆ ಸಾಕು. ತಡವಾದರೆ ಉಳಿದವನ್ನೂ ಅದು ಎಳೆದುಕೊಂಡು ಹೋಗುತ್ತದೆ.

ಲಿಥಿಯಂ ಬ್ಯಾಟರಿಗೆ ಬೆಲೆ ಹೆಚ್ಚು, ಆಯುಷ್ಯವೂ ಕೆಲವು ಪಟ್ಟು ಹೆಚ್ಚು. ಕೈಯಲ್ಲಿ ದುಡ್ಡಿದ್ದರೆ ಬಾಡಿಗೆಗೆ ಅದೇ ಲೇಸು. ಆದರೆ ಓಡಿ ಬಿಸಿಯಾದ ಬ್ಯಾಟರಿಯನ್ನು ಅರ್ಧ ಗಂಟೆಯಾದರೂ ಆರಲು ಬಿಟ್ಟು ಚಾರ್ಜಿಗೆ ಹಾಕಬೇಕು, ಅದರದ್ದೇ ಚಾರ್ಜರ್ ಬಳಸಬೇಕು. ಯಾವ ಬ್ಯಾಟರಿಯೇ ಆಗಲಿ, ಮನೆಯವರು ಮಲಗುವ ಕೋಣೆಯಲ್ಲಿ, ಹೊರಗೆ ಹೋಗಲು ಇರುವ ಒಂದೇ ಬಾಗಿಲಿನ ಬಳಿ ಚಾರ್ಜ್ ಮಾಡಬೇಡಿ. ಬೆಂಕಿ ಹತ್ತಿದರೆ ಓಡಲು ದಾರಿ ಇರುವುದಿಲ್ಲ.

ಕೊಡುವಾಗ, ವಾಪಸ್ ತೆಗೆದುಕೊಳ್ಳುವಾಗ

ಜಗಳ ಆಗೋದೆಲ್ಲ ಗಾಡಿ ವಾಪಸ್ ಬಂದಾಗ. "ಈ ಗೆರೆ ಮೊದಲೇ ಇತ್ತು" ಎಂದು ಅವರು, "ಇರಲಿಲ್ಲ" ಎಂದು ಇವರು. ಗಾಡಿ ಕೊಡುವಾಗಲೇ ನಾಲ್ಕೂ ಕಡೆಯಿಂದ ಗಿರಾಕಿಯ ಮೊಬೈಲಿನಲ್ಲೂ ನಿಮ್ಮದರಲ್ಲೂ ಫೋಟೋ ತೆಗೆಯಿರಿ. ಚೀಟಿಯಲ್ಲಿ ಹೊರಟ ಹೊತ್ತು, ಮೀಟರಿನ ಕಿ.ಮೀ., ಬ್ಯಾಟರಿ ಎಷ್ಟಿದೆ, ಎಷ್ಟು ದೂರ ಹೋಗಬಹುದು ಎಂದು ಬರೆದು ಸಹಿ ಹಾಕಿಸಿ. ಕನ್ನಡಿ ಒಡೆದರೆ ಎಷ್ಟು, ಬೀಗದ ಕೈ ಕಳೆದರೆ ಎಷ್ಟು ಎಂಬ ಪಟ್ಟಿ ಗೋಡೆಯ ಮೇಲಿರಲಿ. ಗುರುತಿನ ಚೀಟಿಯ ಪ್ರತಿ ಸಾಕು, ಮೂಲ ಚೀಟಿ ಒತ್ತೆ ಇಟ್ಟುಕೊಳ್ಳಬೇಡಿ. ಕಾನೂನು ಕೇಳದಿದ್ದರೂ ಹೆಲ್ಮೆಟ್ ಕೊಟ್ಟೇ ಕಳಿಸಿ.

ನಷ್ಟ ಯಾರದ್ದು ಎಂಬ ಪ್ರಶ್ನೆಗೆ ನಮ್ಮ ಫಿಕ್‌ಹ್‌ನ 'ಇಜಾರ' ಅಧ್ಯಾಯದಲ್ಲೂ ಸ್ಪಷ್ಟ ಉತ್ತರ ಇದೆ. ಬಾಡಿಗೆಯೂ ಅವಧಿಯೂ ಮೊದಲೇ ಗೊತ್ತಿರಬೇಕು. ಬಾಡಿಗೆ ವಸ್ತು ಪಡೆದವನ ಕೈಯಲ್ಲಿ ಅಮಾನತ್. ಸರಿಯಾಗಿ ಬಳಸಿಯೂ ಆದ ಸವೆತ ಮಾಲೀಕನದ್ದು. ಅವನ ಅಜಾಗ್ರತೆಯಿಂದ, ಒಪ್ಪಂದ ಮೀರಿದ್ದರಿಂದ ಆದ ಹಾನಿ ಮಾತ್ರ ಅವನದ್ದು. ಒಬ್ಬರಿಗೆ ಎಂದು ಕೊಟ್ಟ ಗಾಡಿಯಲ್ಲಿ ಮೂವರು ಕೂತು ಹೋಗಿ ಮೋಟರ್ ಸುಟ್ಟರೆ ಅದು ಮೀರಿದ್ದು. ಹಳೆಯ ಟಯರು ತಾನಾಗಿ ಪಂಕ್ಚರ್ ಆದರೆ ಅದಕ್ಕೆ ಗಿರಾಕಿಯ ಡೆಪಾಸಿಟ್ ಹಿಡಿಯುವುದು ನ್ಯಾಯವಲ್ಲ. ಹಾಗೆ ಹಿಡಿದವನ ಅಂಗಡಿಗೆ ಹಾಸ್ಟೆಲಿನ ಹುಡುಗರು ಎರಡನೇ ಸಲ ಬರೋದೂ ಇಲ್ಲ.

ಈ ವ್ಯಾಪಾರಕ್ಕೆ ಇಳಿಯುವವರಿಗೆ ನಾವು ಹೇಳೋದು ಇಷ್ಟೇ. ಗಲ್ಲಾ ಪಕ್ಕ ಇನ್ನೊಂದು ಡಬ್ಬಿ ಇಡಿ. ಸ್ಕೂಟರ್ ಒಂದು ಗಂಟೆ ಓಡಿ ಬಂದು 50 ರೂಪಾಯಿ ಕೈಗೆ ಬಂದಾಗ ಅದರಲ್ಲಿ 13 ರೂಪಾಯಿ ಬ್ಯಾಟರಿಗೆ, 15 ರೂಪಾಯಿ ಮುಂದಿನ ಗಾಡಿಗೆ ಎಂದು ಆ ಡಬ್ಬಿಗೆ ಹಾಕಿ. ಉಳಿದ ಇಪ್ಪತ್ತೆರಡರಲ್ಲಿ ಅಂಗಡಿ, ರಿಪೇರಿ, ಕರೆಂಟು, ಮನೆ ಎಲ್ಲ ನಡೆಯುತ್ತದೆಯೇ ಎಂದು ಮೂರು ತಿಂಗಳು ಎರಡೇ ಸ್ಕೂಟರಿನಲ್ಲಿ ನೋಡಿ. ನಡೆದರೆ ಮೂರನೆಯದನ್ನು ತನ್ನಿ. ನಡೆಯದಿದ್ದರೆ ಗಲ್ಫ್‌ನಲ್ಲಿ ಬೆವರು ಸುರಿಸಿ ತಂದ ಉಳಿದ ದುಡ್ಡಾದರೂ ಬ್ಯಾಂಕಿನಲ್ಲಿ ಇರುತ್ತದೆ.